ಆರು ಮನೆಯ ಬಾಡಿಗೆ ಪಟ್ಟಿ: ನಮ್ಮ ಶೀಟ್‌ನಲ್ಲಿ 17,000 ಬಾಕಿ, ಬಾಡಿಗೆದಾರರು 2,000 ಅಂತಾರೆ

ಮೇಲ್ಮನೆ

ನಮ್ಮದು ಆರು ಮನೆಗಳ ಸಣ್ಣ ಕಟ್ಟಡ. ಅಮ್ಮ ಬಾಡಿಗೆ ವಸೂಲಿ ನೋಡಿಕೊಳ್ಳುತ್ತಾರೆ, ಲೆಕ್ಕ ನಾನು ಶೀಟ್‌ನಲ್ಲಿ ಬರೆಯುತ್ತೇನೆ. ಮನೆಗೆ ಒಂದು ಸಾಲು. ಹೆಸರು, ಬಾಡಿಗೆ, ಗಡುವು, ಅಡ್ವಾನ್ಸ್, ಹಿಂದಿನ ಬಾಕಿ, ಈ ತಿಂಗಳು ಬಂದದ್ದು, ಉಳಿದ ಬಾಕಿ. ತಿಂಗಳು ಮುಗಿದ ಮೇಲೆ ಅದೇ ಶೀಟನ್ನು ಕಾಪಿ ಮಾಡಿ, ಉಳಿದ ಬಾಕಿಯನ್ನು ಹೊಸ ಶೀಟಿನ "ಹಿಂದಿನ ಬಾಕಿ"ಯಲ್ಲಿ ಕೈಯಾರೆ ಹಾಕುತ್ತೇನೆ.

ಈಗ 3ನೇ ಮನೆಯವರ ಜೊತೆ ಜಗಳ ಆಗುವ ಹಂತಕ್ಕೆ ಬಂದಿದೆ. ಅವರು ಏಪ್ರಿಲ್ 16ಕ್ಕೆ ಬಂದವರು. ಬಾಡಿಗೆ 8,000, ಗಡುವು ಪ್ರತಿ ತಿಂಗಳು 5. ಇವತ್ತು ಸೆಪ್ಟೆಂಬರ್ 10. ನನ್ನ ಶೀಟ್ ಪ್ರಕಾರ ಅವರು 17,000 ಕೊಡಬೇಕು. ನಿನ್ನೆ ಅಮ್ಮ ಕೇಳಿದಾಗ ಅವರು "ಆಗಸ್ಟ್‌ದು 2,000 ಬಿಟ್ಟರೆ ನಂದೇನೂ ಬಾಕಿ ಇಲ್ಲ" ಎಂದು ಖಡಾಖಂಡಿತ ಹೇಳಿದರು. ಒಳ್ಳೆಯ ಜನ, ಸುಳ್ಳು ಹೇಳುವವರಲ್ಲ. ಆದರೆ 15,000 ವ್ಯತ್ಯಾಸ ಎಲ್ಲಿಂದ ಬಂತು? ನನಗೆ ರಾತ್ರಿ ನಿದ್ದೆ ಬಂದಿಲ್ಲ.

ತಿಂಗಳ ಕೊನೆಯ ಬಾಕಿ ನನ್ನ ಶೀಟ್‌ಗಳಲ್ಲಿ ಹೀಗಿದೆ: ಏಪ್ರಿಲ್ 4,000, ಮೇ 4,000, ಜೂನ್ 7,000, ಜುಲೈ 7,000, ಆಗಸ್ಟ್ 9,000, ಸೆಪ್ಟೆಂಬರ್ ಈಗ 17,000.

ಕೊಠಡಿ2

ಸುಮ್ನೆ ನೋಟಿಸ್ ಕೊಡಿ. ಎರಡು ತಿಂಗಳ ಬಾಡಿಗೆ ಬಾಕಿ ಇಟ್ಟುಕೊಂಡು ಇಲ್ಲ ಅನ್ನುವವರನ್ನು ಇಟ್ಟುಕೊಳ್ಳಬಾರದು. ನಮ್ಮ ಮನೆಯಲ್ಲಿ ಇದ್ದವರು ಹೀಗೇ ಮಾಡಿ ಕೊನೆಗೆ ರಾತ್ರೋರಾತ್ರಿ ಖಾಲಿ ಮಾಡಿದರು.

ಮೇಲ್ಮನೆ

ಸರ್, ಖಾಲಿ ಮಾಡಿಸುವ ಮಾತಲ್ಲ ಇದು. ಲೆಕ್ಕ ಯಾರದು ಸರಿ ಎಂದು ಗೊತ್ತಾಗಬೇಕು ಅಷ್ಟೇ.

ಹಳೇ ಗುಮಾಸ್ತ

ಮೊದಲು ಬಾಕಿಯ ಅಂಕಿಗಳನ್ನು ಪಕ್ಕಕ್ಕಿಡಿ. ಅವು ಫಲಿತಾಂಶ, ಲೆಕ್ಕ ಅಲ್ಲ. ಅವರು ಬಂದ ದಿನದಿಂದ ಯಾವ ತಾರೀಖು ಎಷ್ಟು ದುಡ್ಡು ಬಂತು, ಅದನ್ನು ಮಾತ್ರ ಬರೆಯಿರಿ. ಬ್ಯಾಂಕ್ ಪಾಸ್‌ಬುಕ್ ನೋಡಿ ಬರೆಯಿರಿ, ಶೀಟ್ ನೋಡಿ ಅಲ್ಲ. ಡೆಪಾಸಿಟ್ ಎಷ್ಟು ಎಂದು ಮಾತಾಡಿದ್ದಿರಿ, ಮೊದಲ ದಿನ ಎಷ್ಟು ಕೊಟ್ಟರು ಅದನ್ನೂ ಹೇಳಿ.

ಏಪ್ರಿಲ್ ಕೊನೆಗೇ 4,000 ಬಾಕಿ ಇದೆ ಅಂದರೆ ಅಲ್ಲೇ ಏನೋ ಆಗಿದೆ ಎಂದು ನನ್ನ ಅನುಮಾನ. 16ಕ್ಕೆ ಬಂದವರಿಗೆ ಆ ತಿಂಗಳು ಪೂರ್ತಿ ಬಾಡಿಗೆ ಹಾಕಿದ್ದೀರಾ?

ಬಾಡಿಗೆ ಮನೆಯವಳು

ಬಾಡಿಗೆದಾರರ ಕಡೆಯಿಂದ ಒಂದು ಮಾತು. ನಾನು ಹನ್ನೆರಡು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೇನೆ, ನಾಲ್ಕು ಮನೆ ಬದಲಾಯಿಸಿದ್ದೇನೆ. ಒಬ್ಬ ಓನರ್ ಕೂಡ ತಿಂಗಳು ತಿಂಗಳು "ನಿಮ್ಮ ಬಾಕಿ ಇಷ್ಟು" ಎಂದು ತೋರಿಸಿದ್ದಿಲ್ಲ. ಆರು ತಿಂಗಳು ಸುಮ್ಮನಿದ್ದು ಒಂದು ದಿನ ದೊಡ್ಡ ಅಂಕಿ ಹೇಳುತ್ತಾರೆ. ಆಗ ನಮಗೆ ಎದೆ ಧಸಕ್ ಅನ್ನುತ್ತದೆ. ಜೂನ್‌ನಲ್ಲೇ 7,000 ಇದ್ದರೆ ಜೂನ್‌ನಲ್ಲೇ ಯಾಕೆ ಕೇಳಲಿಲ್ಲ ನೀವು?

ಮೇಲ್ಮನೆ

ಮೇಡಂ, ನಿಜ. ಕೇಳಬೇಕಿತ್ತು. ಮೊದಲಿನ 4,000 ನೋಡಿ "ಅಡ್ವಾನ್ಸ್‌ದು ಸ್ವಲ್ಪ ಬಾಕಿ ಇದೆಯಲ್ಲ, ಅದೇ ಇರಬೇಕು" ಎಂದು ಅಮ್ಮ ಅಂದುಕೊಂಡರು. ನಾನೂ ಹೌದು ಎಂದುಕೊಂಡೆ. ಅದು ನಮ್ಮ ತಪ್ಪೇ.

ಗುಮಾಸ್ತ ಸರ್, ಪಾಸ್‌ಬುಕ್ ನೋಡಿ ಬರೆದೆ. ಡೆಪಾಸಿಟ್ 40,000 ಎಂದು ಮಾತಾಗಿತ್ತು. ಮೊದಲ ದಿನ 30,000 ಕೊಟ್ಟು, ಉಳಿದ 10,000 ಎರಡು ತಿಂಗಳಲ್ಲಿ ಕೊಡುತ್ತೇನೆ ಎಂದಿದ್ದರು.

ಏಪ್ರಿಲ್ 16: 34,000 (30,000 ಡೆಪಾಸಿಟ್, 4,000 ಅರ್ಧ ತಿಂಗಳ ಬಾಡಿಗೆ)
ಮೇ 6: 8,000
ಜೂನ್ 9: 5,000
ಜೂನ್ 28: 10,000
ಜುಲೈ 4: 8,000
ಆಗಸ್ಟ್ 12: 6,000
ಆಗಸ್ಟ್ 31: 8,000

ಬರೆಯುವಾಗಲೇ ಕೈ ನಡುಗಿತು. ಆಗಸ್ಟ್ 31ರ 8,000 ನನ್ನ ಯಾವ ಶೀಟ್‌ನಲ್ಲೂ ಇಲ್ಲ! ಆಗಸ್ಟ್ ಶೀಟನ್ನು 30ಕ್ಕೇ ಮುಗಿಸಿ ಸೆಪ್ಟೆಂಬರ್‌ಗೆ ಕಾಪಿ ಮಾಡಿದ್ದೆ. ಸೆಪ್ಟೆಂಬರ್ ಶೀಟ್ ತುಂಬುವಾಗ ಒಂದನೇ ತಾರೀಖಿನಿಂದ ನೋಡಿದ್ದೇನೆ. ನಡುವೆ ಆ ಒಂದು ದಿನ ಬಿದ್ದುಹೋಗಿದೆ.

ಏಪ್ರಿಲ್‌ನದೂ ಸರ್ ಹೇಳಿದ ಹಾಗೇ. ಬಾಡಿಗೆ ಕಾಲಂನಲ್ಲಿ 8,000 ಇದ್ದದ್ದರಿಂದ ಫಾರ್ಮುಲಾ ಪೂರ್ತಿ 8,000 ಹಾಕಿದೆ, ಅವರು ಕೊಟ್ಟದ್ದು 4,000.

ನೇರಮಾತು

16ರಿಂದ 30 ಅಂದರೆ 14 ದಿನ ಅಲ್ವಾ? ಹಾಗಾದರೆ 4,000 ಕೂಡ ಜಾಸ್ತಿಯೇ ತೆಗೆದುಕೊಂಡಿದ್ದೀರಿ.

ಸುಮಾ

ಎರಡೂ ತುದಿ ಎಣಿಸಬೇಕು. 16ನೇ ತಾರೀಖಿನ ರಾತ್ರಿಯೂ ಅವರು ಆ ಮನೆಯಲ್ಲೇ ಮಲಗಿದ್ದಾರೆ. 15 ದಿನ. 8,000ವನ್ನು 30ರಿಂದ ಭಾಗಿಸಿ 15ರಿಂದ ಗುಣಿಸಿದರೆ 4,000, ಸರಿಯಾಗಿದೆ.

ನೇರಮಾತು

ಹೌದು, ಒಪ್ಪಿದೆ.

ಹಳೇ ಗುಮಾಸ್ತ

ಈಗ ಕೂಡಿಸೋಣ. ಬರಬೇಕಾದ ಬಾಡಿಗೆ: ಏಪ್ರಿಲ್ 4,000, ಮೇಯಿಂದ ಸೆಪ್ಟೆಂಬರ್‌ವರೆಗೆ ಐದು ತಿಂಗಳು 40,000. ಒಟ್ಟು 44,000. ಜೂನ್ 28ರ 10,000ವನ್ನು ಸದ್ಯಕ್ಕೆ ಬಿಟ್ಟರೆ ಬಂದ ಬಾಡಿಗೆ 39,000. ಬಾಕಿ 5,000.

ನಿಮ್ಮ 17,000ದಲ್ಲಿ 4,000 ಏಪ್ರಿಲ್‌ನ ತಪ್ಪು, 8,000 ಆಗಸ್ಟ್ 31ರದ್ದು. ಅವೆರಡನ್ನೂ ಕಳೆದರೆ 5,000 ಉಳಿಯುತ್ತದೆ. ಅಂದರೆ ನಿಮ್ಮ ಕಡೆಯ ಎರಡು ತಪ್ಪುಗಳೂ ಸಿಕ್ಕಿವೆ. ಇನ್ನು ಉಳಿದಿರುವುದು ನಿಮ್ಮ 5,000ಕ್ಕೂ ಅವರ 2,000ಕ್ಕೂ ನಡುವಿನ 3,000 ಮಾತ್ರ. ಜೂನ್‌ನಲ್ಲಿ ಅವರು ಎಷ್ಟು ಕಡಿಮೆ ಕೊಟ್ಟಿದ್ದಾರೆ ನೋಡಿ. 8,000ಕ್ಕೆ 5,000. ಸರಿಯಾಗಿ 3,000. ಆದ್ದರಿಂದ ಜಗಳ ಇರುವುದು ಜೂನ್ 28ರ ಆ 10,000ದ ಮೇಲೆ. ಆ ದುಡ್ಡಿನ ಜೊತೆ ಅವರು ಏನು ಬರೆದಿದ್ದರು?

ಮೇಲ್ಮನೆ

ನೋಡಿದೆ. ವರ್ಗಾವಣೆಯ ಟಿಪ್ಪಣಿಯಲ್ಲಿ ಒಂದೇ ಪದ ಇದೆ: `advance`. ಅಮ್ಮ ಅದನ್ನು ಡೆಪಾಸಿಟ್‌ನ ಉಳಿದ 10,000 ಎಂದು ತಿಳಿದು, ನನ್ನ ಹತ್ತಿರ ಅಡ್ವಾನ್ಸ್ ಪೂರ್ತಿ ಬಂತು ಎಂದರು. ಆದರೆ ಅಡ್ವಾನ್ಸ್ ಕಾಲಂನಲ್ಲಿ ನಾನು ಮೊದಲ ದಿನವೇ 40,000 ಎಂದು ಬರೆದುಬಿಟ್ಟಿದ್ದೆ. ಹಾಗಾಗಿ ಈ 10,000ವನ್ನು ಎಲ್ಲೂ ಬರೆಯುವ ಅಗತ್ಯವೇ ಬರಲಿಲ್ಲ.

ಹಳೇ ಗುಮಾಸ್ತ

ಅಲ್ಲಿದೆ ನೋಡಿ. ನಮ್ಮ ಮಾತಿನಲ್ಲಿ ಅಡ್ವಾನ್ಸ್ ಅಂದರೆ ಡೆಪಾಸಿಟ್. ಅದೇ ಪದಕ್ಕೆ ಮುಂಗಡ ಬಾಡಿಗೆ ಎಂದೂ ಅರ್ಥ ಇದೆ. ಬಾಡಿಗೆ ಪಟ್ಟಿಯಲ್ಲಿ ಈ ಎರಡೂ ಬೇರೆ ಬೇರೆ ಜಾತಿಯ ದುಡ್ಡು. ಮುಂಗಡ ಬಾಡಿಗೆ ಮುಂದಿನ ತಿಂಗಳು ಬಂದ ಕೂಡಲೇ ಕರಗಿಹೋಗುತ್ತದೆ, ಅದು ನಿಮ್ಮ ದುಡ್ಡು. ಡೆಪಾಸಿಟ್ ಹಾಗಲ್ಲ. ಅವರು ಮನೆ ಬಿಡುವವರೆಗೆ ನಿಮ್ಮ ಹತ್ತಿರ ಇರುವ ಅವರ ದುಡ್ಡು. ನೀವು ವಾಪಸ್ ಕೊಡಬೇಕಾದ ಸಾಲ ಅದು.

ಆದ್ದರಿಂದ ಪಟ್ಟಿಯಲ್ಲಿ ಅಡ್ವಾನ್ಸ್ ಎನ್ನುವ ಕಾಲಂ ತೆಗೆದುಹಾಕಿ. "ಒಪ್ಪಿದ ಡೆಪಾಸಿಟ್" ಒಂದು ಕಾಲಂ, "ಕೈಗೆ ಬಂದ ಡೆಪಾಸಿಟ್" ಇನ್ನೊಂದು ಕಾಲಂ. ಒಂದೇ ಅಂಕಿ ಬರೆದರೆ ಅದು ಮಾತಾಡಿದ್ದೋ ಬಂದದ್ದೋ ಎಂದು ವರ್ಷ ಕಳೆದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ನೇರಮಾತು

ಇಷ್ಟೆಲ್ಲಾ ಯಾಕೆ? ಬಾಕಿ ಇದ್ದರೆ ಡೆಪಾಸಿಟ್‌ನಲ್ಲಿ ಕಳೆದರಾಯಿತು. 40,000 ಇದೆ, 5,000 ಬಾಕಿ, ನಿಮ್ಮ ಹತ್ತಿರ ಅವರದು 35,000. ಒಂದೇ ಅಂಕಿ ಸಾಕು.

ಬಾಡಿಗೆ ಮನೆಯವಳು

ಹಾಗೆ ಮಾಡಿದ್ದಕ್ಕೇ ನನ್ನ ಹಿಂದಿನ ಮನೆಯಲ್ಲಿ ತೊಂದರೆ ಆಯಿತು. ಒಂದು ತಿಂಗಳು ಕೆಲಸ ಇರಲಿಲ್ಲ. ಓನರ್ "ಪರವಾಗಿಲ್ಲ, ಡೆಪಾಸಿಟ್‌ನಲ್ಲಿ ಹಿಡಿಯುತ್ತೇನೆ" ಎಂದರು. ಮುಂದಿನ ತಿಂಗಳು ಆ ಬಾಡಿಗೆಯನ್ನು ನಾನು ಕೊಟ್ಟೆ. ಮನೆ ಬಿಡುವಾಗ ಡೆಪಾಸಿಟ್‌ನಲ್ಲೂ ಹಿಡಿದರು. ಎರಡು ಸಲ ಹೋಯಿತು. ಅವರು ಮೋಸಗಾರರಲ್ಲ, ಅವರ ಡೈರಿಯಲ್ಲಿ ಡೆಪಾಸಿಟ್ ಕಡಿಮೆ ಆದದ್ದು ಬರೆದಿತ್ತು, ಮತ್ತೆ ಭರ್ತಿ ಆದದ್ದು ಬರೆದಿರಲಿಲ್ಲ. ನನ್ನ ಹತ್ತಿರ ರಸೀದಿ ಇರಲಿಲ್ಲ.

ಹಳೇ ಗುಮಾಸ್ತ

ನೇರಮಾತು ಅವರು ಹೇಳಿದ್ದು ಅರ್ಧ ಸರಿ. ಮನೆ ಖಾಲಿ ಮಾಡುವ ದಿನ ಹಾಗೇ ಕಳೆಯುತ್ತೇವೆ. ಅಲ್ಲಿಯವರೆಗೆ ಕಳೆದರೆ ಎರಡು ತೊಂದರೆ. ಒಂದು, ಬಾಡಿಗೆ ಬಾಕಿ ಸೊನ್ನೆ ಕಾಣುತ್ತದೆ, ಕೇಳಬೇಕಾದವರನ್ನು ನೀವು ಕೇಳುವುದೇ ಇಲ್ಲ. ಎರಡು, ಡೆಪಾಸಿಟ್ ಕರಗುತ್ತಾ ಹೋಗಿ, ಗೋಡೆ ಕೆಟ್ಟರೆ ಹಿಡಿಯಲು ಏನೂ ಉಳಿಯುವುದಿಲ್ಲ.

ಮಜಾ ಏನೆಂದರೆ, 3ನೇ ಮನೆಯ ವಿಷಯದಲ್ಲಿ ಆ 10,000ವನ್ನು ಯಾವ ಪೆಟ್ಟಿಗೆಗೆ ಹಾಕಿದರೂ ಒಟ್ಟು ಬಾಕಿ ಬದಲಾಗುವುದಿಲ್ಲ. ಪೂರ್ತಿ ಡೆಪಾಸಿಟ್‌ಗೆ ಹಾಕಿ: ಡೆಪಾಸಿಟ್ ಪೂರ್ತಿ, ಬಾಡಿಗೆ ಬಾಕಿ 5,000. ಅವರು ಅಂದುಕೊಂಡ ಹಾಗೆ 3,000 ಜೂನ್ ಬಾಡಿಗೆಗೆ, 7,000 ಡೆಪಾಸಿಟ್‌ಗೆ ಹಾಕಿ: ಬಾಡಿಗೆ ಬಾಕಿ 2,000, ಡೆಪಾಸಿಟ್ ಬಾಕಿ 3,000. ಆಗಲೂ ಕೊಡಬೇಕಾದದ್ದು 5,000. ಅವರು ಬಾಡಿಗೆ ಬಾಕಿ ಮಾತ್ರ ಹೇಳುತ್ತಿದ್ದಾರೆ, ಡೆಪಾಸಿಟ್ ಬಾಕಿ ಮರೆತಿದ್ದಾರೆ. ನೀವು ಒಟ್ಟು ಹೇಳುತ್ತಿದ್ದೀರಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಮೇಲ್ಮನೆ

ಸರ್, ಇದನ್ನು ಓದಿ ಅಮ್ಮನಿಗೆ ಜೋರಾಗಿ ಓದಿ ಹೇಳಿದೆ. ಅಮ್ಮ ಒಂದು ನಿಮಿಷ ಸುಮ್ಮನಿದ್ದು "ಪಾಪ, ನಾನು ಅವರನ್ನ ಬಾಗಿಲಲ್ಲೇ ನಿಲ್ಲಿಸಿ ಕೇಳಿಬಿಟ್ಟೆ" ಎಂದರು.

ನೋಟ್‌ಬುಕ್

ಅದಕ್ಕೇ ನಾನು ಹೇಳುವುದು, ಶೀಟ್ ಬೇಡ, ಉದ್ದನೆಯ ಪುಸ್ತಕ ಇಡಿ. ಮನೆಗೆ ಎರಡು ಪುಟ. ಎಡಕ್ಕೆ ಬರಬೇಕಾದದ್ದು, ಬಲಕ್ಕೆ ಬಂದದ್ದು, ಪಕ್ಕದಲ್ಲಿ ಅವರ ಸಹಿ. ಇಪ್ಪತ್ತು ವರ್ಷದಿಂದ ನಡೆಸುತ್ತಿದ್ದೇನೆ, ಒಂದು ದಿನವೂ ಜಗಳ ಆಗಿಲ್ಲ. ಪುಸ್ತಕದಲ್ಲಿ ಹಳೆಯದನ್ನು ಅಳಿಸಲು ಆಗುವುದಿಲ್ಲ, ಅದೇ ಅದರ ಗುಣ.

ಎಕ್ಸೆಲ್ ಪ್ರಿಯ

ಪುಸ್ತಕದ ಆ ಗುಣ ಶೀಟ್‌ಗೂ ತರಬಹುದು. ಮೇಲ್ಮನೆ ಅವರ ತೊಂದರೆ ಶೀಟ್ ಅಲ್ಲ, ಪ್ರತಿ ತಿಂಗಳು ಕಾಪಿ ಮಾಡಿ ಬಾಕಿಯನ್ನು ಕೈಯಲ್ಲಿ ದಾಟಿಸುವುದು. ಎರಡೇ ಶೀಟ್ ಸಾಕು. ಒಂದು `Ledger`. ಅದರಲ್ಲಿ A ತಾರೀಖು, B ಮನೆ ನಂಬರ್, C ಬಾಬ್ತು, D ಬರಬೇಕು, E ಬಂದಿದೆ, F ಟಿಪ್ಪಣಿ. ಪ್ರತಿ ಘಟನೆಗೆ ಒಂದು ಸಾಲು, ಕೆಳಗೆ ಸೇರಿಸುತ್ತಾ ಹೋಗಿ, ಹಳೆಯ ಸಾಲು ಮುಟ್ಟಬೇಡಿ. ಗಡುವಿನ ದಿನ ಬಂತಾ, ಆರು ಮನೆಗೂ D ಕಾಲಂನಲ್ಲಿ ಬಾಡಿಗೆ ಹಾಕಿ. ಏಪ್ರಿಲ್ 16ರಂಥ ಅರ್ಧ ತಿಂಗಳಿದ್ದರೆ 4,000 ಎಂದೇ ಹಾಕಿ.

ಇನ್ನೊಂದು ಶೀಟ್ ನಿಮ್ಮ ಬಾಡಿಗೆ ಪಟ್ಟಿ. ಮನೆಗೆ ಒಂದು ಸಾಲು, ಈಗಿರುವ ಹಾಗೇ. A2ರಲ್ಲಿ ಮನೆ ನಂಬರ್, H1ರಲ್ಲಿ ಯಾವ ದಿನದ ಲೆಕ್ಕ ಬೇಕೋ ಆ ತಾರೀಖು. ಬಾಡಿಗೆ ಬಾಕಿಯ ಫಾರ್ಮುಲಾ:

```
=SUMIFS(Ledger!D:D,Ledger!B:B,A2,Ledger!C:C,"ಬಾಡಿಗೆ",Ledger!A:A,"<="&$H$1)
-SUMIFS(Ledger!E:E,Ledger!B:B,A2,Ledger!C:C,"ಬಾಡಿಗೆ",Ledger!A:A,"<="&$H$1)
```

"ಬಾಡಿಗೆ" ಇರುವ ಕಡೆ "ಡೆಪಾಸಿಟ್" ಹಾಕಿದರೆ ಡೆಪಾಸಿಟ್ ಬಾಕಿ. ಬಾಕಿ ಕಾಲಂನಲ್ಲಿ ಕೈಯಿಂದ ಏನನ್ನೂ ಟೈಪ್ ಮಾಡಲೇಬಾರದು. ಒಂದೇ ಸಲಕ್ಕೆ ಬಂದ ದುಡ್ಡು ಎರಡು ಬಾಬ್ತಿಗೆ ಹೋಗುವುದಿದ್ದರೆ ಎರಡು ಸಾಲು. ಏಪ್ರಿಲ್ 16ರ 34,000 ಹಾಗೇ 30,000 ಮತ್ತು 4,000 ಎಂದು ಎರಡಾಗಬೇಕು.

ಸುಮಾ

ನಾನೂ ಹೀಗೇ ಇಟ್ಟಿದ್ದೇನೆ. ಒಂದು ಎಚ್ಚರಿಕೆ. "ಬಾಡಿಗೆ" ಪದದ ಹಿಂದೆ ಒಂದು ಖಾಲಿ ಜಾಗ ಸೇರಿಕೊಂಡರೂ ಆ ಸಾಲು ಲೆಕ್ಕಕ್ಕೆ ಬರುವುದಿಲ್ಲ. ನನಗೆ ಒಂದು ಇಡೀ ತಿಂಗಳು ಹಾಗೆ ಮಾಯವಾಗಿತ್ತು.

ಎಕ್ಸೆಲ್ ಪ್ರಿಯ

ಹೌದು, ಬಾಬ್ತನ್ನು ಟೈಪ್ ಮಾಡದೆ ಪಟ್ಟಿಯಿಂದ ಆರಿಸುವ ಹಾಗೆ ಮಾಡಿ. ತಾರೀಖಿನದೂ ಇದೇ ಕಥೆ. ತಾರೀಖು ಅಕ್ಷರವಾಗಿ ಕೂತರೆ "<=" ಅದನ್ನು ಹಿಡಿಯುವುದಿಲ್ಲ. ಸಾಮಾನ್ಯವಾಗಿ ನಿಜವಾದ ತಾರೀಖು ಕೋಶದ ಬಲಕ್ಕೆ ಅಂಟಿ ನಿಲ್ಲುತ್ತದೆ, ಅಕ್ಷರವಾದದ್ದು ಎಡಕ್ಕೆ. ಕಣ್ಣಾಡಿಸಿದರೆ ಗೊತ್ತಾಗುತ್ತದೆ.

ಹಳೇ ಗುಮಾಸ್ತ

ಕಣ್ಣನ್ನು ನಂಬಬೇಡಿ, ತಾಳೆ ಹಾಕಿ. ತಿಂಗಳ ಕೊನೆಗೆ Eಯಲ್ಲಿ ಆ ತಿಂಗಳು ಬಂದ ಒಟ್ಟು ದುಡ್ಡು, ಬ್ಯಾಂಕಿಗೆ ಬಾಡಿಗೆದಾರರಿಂದ ಬಂದ ಒಟ್ಟು ಮತ್ತು ಕೈಗೆ ಬಂದ ನಗದು, ಎರಡೂ ಸಮ ಇರಬೇಕು. ಈ ಒಂದು ತಾಳೆ ಇದ್ದಿದ್ದರೆ ಆಗಸ್ಟ್ 31ರ 8,000 ಅವತ್ತೇ ಸಿಗುತ್ತಿತ್ತು. ಆದರೆ ಏಪ್ರಿಲ್‌ನ 4,000 ಈ ತಾಳೆಯಲ್ಲಿ ಸಿಗುತ್ತಿರಲಿಲ್ಲ, ಯಾಕೆಂದರೆ ಅದು ಬಂದ ದುಡ್ಡಿನ ತಪ್ಪಲ್ಲ, ಬರಬೇಕಾದದ್ದರ ತಪ್ಪು. ಅದಕ್ಕೆ D ಕಾಲಂನ ತಿಂಗಳ ಮೊತ್ತವನ್ನು ಕರಾರು ಪತ್ರಗಳ ಬಾಡಿಗೆಯ ಜೊತೆ ನೋಡಬೇಕು. ಹೊಸಬರು ಬಂದ ತಿಂಗಳು, ಬಿಟ್ಟ ತಿಂಗಳು, ಬಾಡಿಗೆ ಏರಿದ ತಿಂಗಳು. ಆ ಮೂರು ತಿಂಗಳಲ್ಲೇ ತಪ್ಪು ನುಗ್ಗುವುದು.

ಮೇಲ್ಮನೆ

ಮಾಡಿದೆ, ಮೂರು ಗಂಟೆ ಹಿಡಿಯಿತು. ಆರೂ ಮನೆ ಏಪ್ರಿಲ್‌ನಿಂದ ಹಾಕಿದೆ. ಆ 10,000ವನ್ನು ಸದ್ಯಕ್ಕೆ ಡೆಪಾಸಿಟ್‌ಗೇ ಹಾಕಿದ್ದೇನೆ. 3ನೇ ಮನೆ ಸರಿಯಾಗಿ 5,000 ಬಂತು. ಆದರೆ ಇನ್ನೊಂದು ವಿಚಿತ್ರ. ಕೆಳಗೆ ಒಟ್ಟು ಬಾಕಿ −1,000 ಬರುತ್ತಿದೆ. ಅಂದರೆ ನಾವೇ ಜನರಿಗೆ ಕೊಡಬೇಕಾ? ಹಳೆಯ ಶೀಟ್‌ನಲ್ಲಿ ಒಟ್ಟು 11,000 ಇತ್ತು.

ಸುಮಾ

ಯಾರೋ ಮುಂಚಿತವಾಗಿ ಕೊಟ್ಟಿದ್ದಾರೆ ನೋಡಿ.

ಮೇಲ್ಮನೆ

ಹೌದು! 5ನೇ ಮನೆಯವರು ಊರಿಗೆ ಹೋಗುತ್ತೇನೆ ಎಂದು ಅಕ್ಟೋಬರ್‌ನ 6,000 ಈಗಲೇ ಕೊಟ್ಟಿದ್ದಾರೆ. ಅವರದು −6,000. ಉಳಿದ ನಾಲ್ಕು ಮನೆ ಸೊನ್ನೆ.

ಹಳೇ ಗುಮಾಸ್ತ

ಹಾಗಾಗಿ ಹಳೆಯ ಶೀಟ್‌ನ 11,000 ಕೂಡ ನಿಮ್ಮನ್ನು ದಾರಿ ತಪ್ಪಿಸಿತ್ತು. 17,000ದಲ್ಲಿ 6,000 ಕಳೆದು ಬಂದದ್ದು ಅದು. 5ನೇ ಮನೆಯವರು ಮುಂಗಡ ಕೊಟ್ಟರೆ 3ನೇ ಮನೆಯವರ ಬಾಕಿ ತೀರುವುದಿಲ್ಲ ಅಲ್ವಾ? ಕೆಳಗೆ ಎರಡು ಮೊತ್ತ ಇಡಿ. ಬಾಕಿ ಇರುವವರದು ಬೇರೆ, ಮುಂಗಡ ಕೊಟ್ಟವರದು ಬೇರೆ.

ಎಕ್ಸೆಲ್ ಪ್ರಿಯ

ಬಾಕಿ G2ರಿಂದ G7ರಲ್ಲಿದ್ದರೆ:

```
=SUMIF(G2:G7,">0")
=SUMIF(G2:G7,"<0")
```

ಕೊಠಡಿ2

ಇದೆಲ್ಲಾ ಸರಿ, ಆದರೆ 3ನೇ ಮನೆಯವರು ಎಷ್ಟು ದಿನ ಹಿಂದೆ ಬಿದ್ದಿದ್ದಾರೆ ಎಂದು ಯಾರೂ ಹೇಳಲಿಲ್ಲ. 5,000 ಜೂನ್‌ನಿಂದ ಇದೆಯೋ ಈ ತಿಂಗಳದ್ದೋ? ನನಗೆ ಅದು ಮುಖ್ಯ.

ನೇರಮಾತು

ಬಂದ ದುಡ್ಡು ಯಾವಾಗಲೂ ಹಳೆಯ ಬಾಕಿಗೇ ಮೊದಲು ಹೋಗಬೇಕು. ಅದೇ ನಿಯಮ. ಹಾಗೆ ನೋಡಿದರೆ ಜುಲೈ 4ರ 8,000ದಲ್ಲಿ 3,000 ಜೂನ್‌ಗೆ ಹೋಯಿತು. ಹೀಗೇ ತಳ್ಳುತ್ತಾ ಬಂದರೆ ಆಗಸ್ಟ್‌ವರೆಗೆ ಪೂರ್ತಿ ತೀರಿ, ಸೆಪ್ಟೆಂಬರ್‌ಗೆ 3,000 ಬಂದ ಹಾಗೆ. ಬಾಕಿ 5,000 ಪೂರ್ತಿ ಸೆಪ್ಟೆಂಬರ್‌ದು, ಐದು ದಿನ ಹಳೆಯದು ಅಷ್ಟೇ.

ಮೇಲ್ಮನೆ

ಆದರೆ ಆಗಸ್ಟ್ 31ರ ವರ್ಗಾವಣೆಯಲ್ಲಿ ಅವರು `Sept rent` ಎಂದು ಬರೆದಿದ್ದಾರೆ. ಅವರ ಲೆಕ್ಕದಲ್ಲಿ ಸೆಪ್ಟೆಂಬರ್ ತೀರಿದೆ.

ಹಳೇ ಗುಮಾಸ್ತ

ಇಲ್ಲಿ ನೇರಮಾತು ಅವರದು ಮತ್ತೆ ಅರ್ಧ ಸರಿ. ಏನೂ ಹೇಳದೆ ಕೊಟ್ಟ ದುಡ್ಡಿಗೆ ಹಳೆಯದು ಮೊದಲು ಎನ್ನುವುದು ಒಳ್ಳೆಯ ಪದ್ಧತಿ. ಆದರೆ ಕೊಡುವವರು "ಇದು ಸೆಪ್ಟೆಂಬರ್‌ದು" ಎಂದು ಬರೆದು ಕೊಟ್ಟು, ನೀವು ಸುಮ್ಮನೆ ತೆಗೆದುಕೊಂಡಿದ್ದರೆ, ಆಮೇಲೆ ಅದನ್ನು ಜೂನ್‌ಗೆ ಹಾಕಿದೆ ಎನ್ನುವುದು ಕಷ್ಟ. ಕರಾರಿನಲ್ಲಿ ಈ ಬಗ್ಗೆ ಏನಾದರೂ ಬರೆದಿದ್ದರೆ ಮೊದಲು ಅದು.

ಹಾಗಾಗಿ F ಕಾಲಂನ ಟಿಪ್ಪಣಿಯಲ್ಲಿ ಅವರು ಬರೆದ ಪದವನ್ನು ಇದ್ದ ಹಾಗೇ ಇಳಿಸಿ. `advance` ಎಂದಿದ್ದರೆ `advance` ಎಂದೇ. ನಿಮ್ಮ ಅರ್ಥ ಅಲ್ಲಿ ಸೇರಿಸಬೇಡಿ.

ಕೊಠಡಿ2

ಹಳೆಯದಕ್ಕೆ ತಳ್ಳುವ ಪದ್ಧತಿ ನನಗೆ ಒಪ್ಪಿಗೆ ಇಲ್ಲ. ಜೂನ್‌ನಲ್ಲಿ 3,000 ಕಡಿಮೆ, ಆಗಸ್ಟ್‌ನಲ್ಲಿ 2,000 ಕಡಿಮೆ. ಈ ಎರಡು ತಿಂಗಳು ಕಣ್ಣಿಗೆ ಕಾಣಬೇಕು. ತಳ್ಳಿಬಿಟ್ಟರೆ ಪಾಪ ಐದು ದಿನ ತಡ ಮಾಡಿದ್ದಾರೆ ಅನ್ನಿಸುತ್ತದೆ.

ಬಾಡಿಗೆ ಮನೆಯವಳು

ನನಗೆ ಉಲ್ಟಾ ಅನ್ನಿಸುತ್ತದೆ. ತಿಂಗಳವಾರು ನೋಡಿದರೆ "ಜೂನ್‌ನಿಂದ ಬಾಕಿ ಇಟ್ಟಿದ್ದಾರೆ" ಎಂದು ಹಣೆಪಟ್ಟಿ ಕಟ್ಟುತ್ತೀರಿ. ಆದರೆ ಆ ಮನುಷ್ಯ ಒಂದು ದಿನವೂ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಬಾಕಿ ಇಟ್ಟಿಲ್ಲ. ಆಗಸ್ಟ್ 31ಕ್ಕೆ ಗಡುವಿಗಿಂತ ಐದು ದಿನ ಮೊದಲೇ ಕೊಟ್ಟಿದ್ದಾರೆ. ಅದು ನಿಮ್ಮ ಕಣ್ಣಿಗೆ ಕಾಣುವುದಿಲ್ಲವಾ?

ಕೊಠಡಿ2

ಒಂದು ದಿನವೂ ಅಂದರೆ ಹೇಗೆ? ಆಗಸ್ಟ್ 5ರಿಂದ 12ರವರೆಗೆ 11,000 ಬಾಕಿ ಇತ್ತಲ್ಲ. ಜೂನ್‌ನ 3,000, ಆಗಸ್ಟ್‌ನ 8,000.

ಬಾಡಿಗೆ ಮನೆಯವಳು

ಸರಿ, ಆ ಒಂದು ವಾರ ಬಿಟ್ಟು. ನನ್ನ ಮಾತು ಬದಲಾಗುವುದಿಲ್ಲ.

ಸುಮಾ

ಅದಕ್ಕೇ ಪಟ್ಟಿಯ ತಲೆಯ ಮೇಲೆ ತಾರೀಖು ಇರಲೇಬೇಕು. ಇದೇ 3ನೇ ಮನೆಗೆ H1ರಲ್ಲಿ ಸೆಪ್ಟೆಂಬರ್ 4 ಹಾಕಿ ನೋಡಿ. ಬರಬೇಕಾದದ್ದು 36,000, ಬಂದದ್ದು 39,000. ಅವರೇ 3,000 ಮುಂದಿದ್ದಾರೆ. ಮರುದಿನ 5ನೇ ತಾರೀಖು ಹಾಕಿ, 5,000 ಬಾಕಿ. ಒಂದೇ ರಾತ್ರಿಯಲ್ಲಿ. ಯಾವ ದಿನದ್ದು ಎಂದು ಹೇಳದೆ ಬಾಕಿ ಹೇಳಿದರೆ ಎರಡೂ ನಿಜ.

ಮೇಲ್ಮನೆ

ಈಗಷ್ಟೇ ಹಾಕಿ ನೋಡಿದೆ, ಹಾಗೇ ಬಂತು.

ನೋಟ್‌ಬುಕ್

ನನ್ನ ಪುಸ್ತಕದಲ್ಲಿ ಈ ತೊಂದರೆ ಇಲ್ಲ. ಬಾಕಿಯ ಪಕ್ಕದಲ್ಲೇ ತಾರೀಖು ಇರುತ್ತದೆ. ಅಂದಹಾಗೆ ಮೇಲ್ಮನೆ ಅವರೇ, ನೀರಿನ ದುಡ್ಡು, ಕರೆಂಟ್ ದುಡ್ಡು ಎಲ್ಲಿ ಬರೆಯುತ್ತೀರಿ? ನಾನು ಬಾಡಿಗೆಯಲ್ಲೇ ಸೇರಿಸುತ್ತೇನೆ.

ಎಕ್ಸೆಲ್ ಪ್ರಿಯ

ಸೇರಿಸಬೇಡಿ. ಬೇರೆ ಬಾಬ್ತು ಮಾಡಿ. ಬಾಡಿಗೆ ಪ್ರತಿ ತಿಂಗಳು ಒಂದೇ ಅಂಕಿ, ಅದು ಬದಲಾದರೆ ತಪ್ಪು ಆಗಿದೆ ಎಂದು ತಕ್ಷಣ ಗೊತ್ತಾಗಬೇಕು. ಮೀಟರ್ ದುಡ್ಡು ಸೇರಿಸಿದರೆ ಆ ಗುರುತೇ ಹೋಗುತ್ತದೆ.

ನೋಟ್‌ಬುಕ್

ಇಪ್ಪತ್ತು ವರ್ಷದಿಂದ ಸೇರಿಸುತ್ತಿದ್ದೇನೆ, ನನಗೆ ಗೊತ್ತಾಗುತ್ತದೆ.

ಮೇಲ್ಮನೆ

ಸಂಜೆ ನಾನೂ ಅಮ್ಮನೂ 3ನೇ ಮನೆಗೆ ಹೋಗಿ ಬಂದೆವು. ಅವರ ಹೆಸರಿನ ಸಾಲುಗಳನ್ನು ಮಾತ್ರ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಅಮ್ಮ ಮೊದಲು "17,000 ಅಂದದ್ದು ನಮ್ಮ ತಪ್ಪು" ಎಂದರು. ಅವರು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಜೂನ್ 28ಕ್ಕೆ ಬಂದಾಗ ನಿಂತರು. "ಇದರಲ್ಲಿ ಜೂನ್‌ದು ಮುಗಿದು ಮಿಕ್ಕಿದ್ದು ಅಡ್ವಾನ್ಸ್‌ಗೆ ಅಂದುಕೊಂಡಿದ್ದೆ. ಆದರೆ ಅಡ್ವಾನ್ಸ್ ಆಗ ಪೂರ್ತಿ ಆಗಲ್ಲ, ಅದು ಹೊಳೆಯಲೇ ಇಲ್ಲ" ಎಂದರು. ಕೊನೆಗೆ ಡೆಪಾಸಿಟ್ ಪೂರ್ತಿ ಎಂದು ಹಿಡಿದು, ಬಾಡಿಗೆ ಬಾಕಿ 5,000 ಎಂದು ಒಪ್ಪಿದರು. ಇವತ್ತು 2,000 ಕೊಟ್ಟರು, ಉಳಿದ 3,000 ಅಕ್ಟೋಬರ್ 5ರ ಬಾಡಿಗೆ ಜೊತೆ. ಪ್ರಿಂಟ್ ಮೇಲೆ ಇಬ್ಬರೂ ಸಹಿ ಹಾಕಿ ಒಂದು ಪ್ರತಿ ಅವರಿಗೇ ಕೊಟ್ಟೆವು.

ಹಳೇ ಗುಮಾಸ್ತ

ಬಹಳ ಒಳ್ಳೆಯದಾಯಿತು. ಆ 2,000 ಇವತ್ತಿನ ತಾರೀಖಿಗೇ ಹಾಕಿ, ಟಿಪ್ಪಣಿಯಲ್ಲಿ "ಮಾತುಕತೆಯಂತೆ ಹಳೆಯ ಬಾಕಿಗೆ" ಎಂದು ಬರೆಯಿರಿ. ಜೂನ್‌ನ ಸಾಲಿಗೆ ಹೋಗಿ 5,000ವನ್ನು 7,000 ಮಾಡಬೇಡಿ.

ಕೊಠಡಿ2

ಅಕ್ಟೋಬರ್ 5ಕ್ಕೆ 11,000 ಬರದಿದ್ದರೆ ಮತ್ತೆ ಇಲ್ಲಿ ಹೇಳಿ.

ಮೇಲ್ಮನೆ

ಹೇಳುತ್ತೇನೆ ಸರ್. ಇನ್ನೊಂದು ಕೇಳಬೇಕಿತ್ತು. "ಒಪ್ಪಿದ ಡೆಪಾಸಿಟ್, ಬಂದ ಡೆಪಾಸಿಟ್" ಎಂದು ಎರಡು ಕಾಲಂ ಮಾಡಿದ ಮೇಲೆ 1ನೇ ಮನೆಯಲ್ಲಿ ಸಿಕ್ಕಿಹಾಕಿಕೊಂಡೆ. ಅವರು ಹನ್ನೊಂದು ವರ್ಷದಿಂದ ಇದ್ದಾರೆ. ಒಪ್ಪಿದ್ದು 25,000 ಎಂದು ಕರಾರಿನಲ್ಲಿದೆ. ಬಂದದ್ದು ಎಷ್ಟು ಎಂದು ಎಲ್ಲೂ ಇಲ್ಲ. ಆಗ ಅಪ್ಪ ನೋಡಿಕೊಳ್ಳುತ್ತಿದ್ದರು, ಈಗ ಅವರಿಲ್ಲ. ಎರಡನೇ ಕಾಲಂನಲ್ಲಿ ಏನು ಬರೆಯಲಿ?

ನೇರಮಾತು

25,000 ಎಂದೇ ಬರೆಯಿರಿ. ಹನ್ನೊಂದು ವರ್ಷ ಕೇಳದೆ ಇದ್ದೀರಿ ಅಂದರೆ ಬಂದಿದೆ ಎಂದೇ ಅರ್ಥ.

ಬಾಡಿಗೆ ಮನೆಯವಳು

ಅವರನ್ನೇ ಕೇಳಿ. ನನ್ನ ಹತ್ತಿರ ಇಲ್ಲದಿರಬಹುದು, ಎಷ್ಟೋ ಬಾಡಿಗೆದಾರರು ಡೆಪಾಸಿಟ್ ರಸೀದಿಯನ್ನು ಕರಾರು ಪತ್ರದ ಹಿಂದೆ ಪಿನ್ ಮಾಡಿ ಇಟ್ಟಿರುತ್ತಾರೆ.

ಹಳೇ ಗುಮಾಸ್ತ

ಕೇಳುವವರೆಗೆ ಆ ಕೋಶ ಖಾಲಿ ಬಿಡಿ. ಸೊನ್ನೆಯೂ ಬೇಡ, 25,000ವೂ ಬೇಡ. ಅಪ್ಪನವರ ಹಳೆಯ ಪಾಸ್‌ಬುಕ್ ಇದ್ದರೆ, ಅವರು ಮನೆಗೆ ಬಂದ ತಿಂಗಳು ಮತ್ತು ಅದರ ಹಿಂದಿನ ತಿಂಗಳಿನ ಪುಟ ನೋಡಿ.

ಮೇಲ್ಮನೆ

ಪಾಸ್‌ಬುಕ್‌ಗಳು ಅಟ್ಟದ ಮೇಲಿನ ಟ್ರಂಕ್‌ನಲ್ಲಿವೆ ಎಂದು ಅಮ್ಮ ಹೇಳುತ್ತಿದ್ದಾರೆ. ನಾಳೆ ಬೆಳಿಗ್ಗೆ ಇಳಿಸುತ್ತೇನೆ.